‘ಗಮನಿಸಬೇಕಾದ ಅಂಶವೇನೆಂದರೆ’ ಹೊಡೆದುಹಾಕಿದ ದಿನ

ನಾನು ಭಾಲ್ಕಿಯವನು, ಕಿರಿಯ ಇಂಜಿನಿಯರ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬರವಣಿಗೆಯ ಬಗ್ಗೆ ನನಗೆ ಭಾರಿ ಸೊಕ್ಕು. ಒಮ್ಮೆ ಔರಾದ ತಾಲ್ಲೂಕಿನ ಒಂದು ಸಾಲೆಯ ಕೋಣೆ ನೋಡಿಬಂದು, ಮರುದಿನ ಬೆಳಿಗ್ಗೆ ಬೀದರಿನ ಕಚೇರಿಗೆ ವರದಿ ಒಯ್ದೆ.

ಅಲ್ಲಿನ ಸುಪರಿಂಟೆಂಡೆಂಟ್ ಹಿರಿಯ ಮುಸ್ಲಿಮರು. ಮನೆಯಲ್ಲಿ ದಖ್ಖನಿ ಉರ್ದು, ಕಚೇರಿಯಲ್ಲಿ ನನಗಿಂತ ಚೆಂದದ ಕನ್ನಡ. ವರದಿ ಮೇಲಧಿಕಾರಿ ಸಾಹೇಬರ ಟೇಬಲ್ಲಿಗೆ ಹೋಗುವ ಮೊದಲು ಅವರ ಕೈ ದಾಟಬೇಕು. ಸಾಹೇಬರು ಪ್ರತಿ ಪ್ಯಾರಾದ ಮೊದಲ ಸಾಲು ಮಾತ್ರ ಓದುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಮೂರನೇ ಪ್ಯಾರಾಕ್ಕೆ ಬಂದವರೇ ಗಟ್ಟಿಯಾಗಿ ಓದಿದರು: “ಈ ಸಂದರ್ಭದಲ್ಲಿ ಗಮನಿಸಬೇಕಾದ ಮುಖ್ಯ ಅಂಶವೇನೆಂದರೆ, ಮಾನ್ಯರ ಅವಗಾಹನೆಗೆ ತರಬಯಸುವುದೇನೆಂದರೆ…” ಕನ್ನಡಕ ಕೆಳಗಿಳಿಸಿದರು. “ಅರೇ ಇಂಜಿನಿಯರ್ ಸಾಬ್, ಎಷ್ಟೊತ್ತು ಗಂಟಲ ಸರಿಮಾಡ್ಕೋತೀರಿ? ಸುದ್ದಿ ಎಲ್ಲಿ ಅದ?”

ನನಗೆ ಸಿಟ್ಟು ಬಂತು. “ಮರ್ಯಾದಿ ಅಂತ ಬರ್ದೇನಿ ಸರ್. ಹಳೇ ಫೈಲಿನಾಗ ಎಲ್ಲಾ ಹಿಂಗೇ ಅದ.”

“ಅದಕ್ಕೇ ಅವು ಕಪಾಟಿನಾಗ ಅವ. ಈ ಮಾತು ತಗದ್ರ ಸುದ್ದಿ ಏನರ ಕಡಿಮಿ ಆಗ್ತದೇನ್ರಿ?”

ಆಗುತ್ತಿರಲಿಲ್ಲ. ಪೆನ್ಸಿಲ್ಲಿನಿಂದ ಎರಡೂ ಹೊಡೆದರು, ಪೆನ್ಸಿಲ್ ನನಗೆ ಕೊಟ್ಟರು. ನಾನು ಹಟಕ್ಕೆ ಬಿದ್ದು “ಉಲ್ಲೇಖಿಸುವುದು ಅತ್ಯವಶ್ಯಕ” ಹೊಡೆದೆ, “ಮುಖ್ಯಶಿಕ್ಷಕಿಯ ಹೇಳಿಕೆಯಂತೆ” ಎನ್ನುವುದನ್ನೂ ಹೊಡೆದೆ.

“ಅದು ಇರ್ಲಿ,” ಎಂದು ತಡೆದರು. “ಬಿರುಕು ಮಳಿಗಾಲದಿಂದ ಅಗಲ ಆಗ್ಲಿಕತ್ತದ ಅಂತ ಹೇಳ್ದವರು ಅವರು. ನೀವು ಮಳಿಗಾಲದಾಗ ಅಲ್ಲಿದ್ರೇನು? ಯಾರು ಹೇಳಿದ್ರು ಅಂಬೋದು ಸುದ್ದೀನೇರಿ.” ಅಬ್ಬಾ, ಆ ಮನುಷ್ಯನ ಕಣ್ಣೇ! ಇಷ್ಟು ಓದಿದ ನನಗೆ ಆ ವ್ಯತ್ಯಾಸ ಹೊಳೆದಿರಲಿಲ್ಲ. ಸಿಟ್ಟೆಲ್ಲ ಇಳಿದುಹೋಯಿತು.

ಕೊನೆಗೆ ಪ್ಯಾರಾದಲ್ಲಿ ಮೂರೇ ವಾಕ್ಯ ಉಳಿದವು. ಅವರು ನಿಧಾನ ಓದಿದರು: “ಕೋಣೆಯ ಛಾವಣಿ ಹೊತ್ತ ಬೀಮ್ ಬಿರುಕು ಬಿಟ್ಟು ಒಳಗಿನ ಕಬ್ಬಿಣ ಕಾಣುತ್ತಿದೆ. ಮುಖ್ಯಶಿಕ್ಷಕಿಯ ಹೇಳಿಕೆಯಂತೆ ಮಳೆಗಾಲದಿಂದ ಬಿರುಕು ಅಗಲವಾಗುತ್ತಿದೆ. ನಾನು ಹೊರಡುವಾಗ ಮಕ್ಕಳು ಅದರ ಕೆಳಗೆ ಪಾಠ ಕೇಳುತ್ತಿದ್ದರು.”

ಓದಿ ಕಾಗದ ಟೇಬಲ್ ಮೇಲಿಟ್ಟರು. ಅದೇ ಮಾತು ನಿನ್ನೆ ನಾನೇ ಬರೆದದ್ದು, ಐದು ಸಾಲಿನ ಮರ್ಯಾದೆಯ ಹಿಂದೆ.

“ಮಕ್ಕಳನ್ನ ಎಬ್ಬಿಸ್ಲಿಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದರು.

“ವರದಿ ಕೊಡೋದಷ್ಟೇ ನನ್ನ ಕೆಲಸ ಅಂದ್ಕೊಂಡಿದ್ದೆ ಸರ್.”

ಬೈಯಲಿಲ್ಲ ಪುಣ್ಯಾತ್ಮ. ಟೇಬಲ್ ಮೇಲಿನ ಫೋನನ್ನು ನನ್ನ ಕಡೆ ಸರಿಸಿ, ವರದಿ ಹಿಡಿದು ತಾವೇ ಸಾಹೇಬರ ಕೋಣೆಗೆ ನಡೆದರು. ಅಂಥವರ ಕೈಕೆಳಗೆ ಕಲಿತೆನೆಂದು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ನಾನು ಮುಖ್ಯಶಿಕ್ಷಕಿಗೆ ಫೋನ್ ಮಾಡಿದೆ. “ಮೇಡಂ, ಆ ಕೋಣಿಯಿಂದ ಮಕ್ಕಳನ್ನ ಈಗೇ ಹೊರಗ ಕರೀರಿ.”

ಆಚೆ ಬೆಂಚು ಸರಿಯುವ ಸದ್ದು, ಓಡುವ ಕಾಲುಗಳ ಸದ್ದು. ಕಡೆಯ ಮಗುವೂ ಹೊರಬಂದಮೇಲೆ ಮುಖ್ಯಶಿಕ್ಷಕಿ ಮತ್ತೆ ಫೋನ್ ಹಿಡಿದರು.

“ಇಷ್ಟೇ ಮಾತು ನಿನ್ನೆ ಹೇಳಿದ್ರ, ನಿನ್ನೇನೇ ಎಬ್ಬಿಸ್ತಿದ್ದೆ ಸರ್,” ಎಂದರು.