ತೊಂಬತ್ತು ದಿನದಲ್ಲಿ ಸೇರದ ಸೋಮವಾರ

ನಮ್ಮ ಶೇಂಗಾ ಎಣ್ಣೆ ಮಿಲ್ಲಿಗೆ ಮಾರ್ಕೆಟಿಂಗ್ ಮ್ಯಾನೇಜರ್ ಅಂತ ಒಬ್ಬರನ್ನು ತೆಗೆದುಕೊಂಡದ್ದು ಅರವತ್ತರ ದಶಕದ ಕೊನೆಗೆ. ದಾವಣಗೆರೆಯ ಮಂಡಿಪೇಟೆಗೆ ಆ ಹೆಸರೇ ಹೊಸದು. ಮಾವನವರು ಕೇಳಿ, "ಮಾರೋದಕ್ಕೂ ಮ್ಯಾನೇಜರ್ ಬೇಕೇನು? ಹಂಗಾರ ನಾ ಇಷ್ಟು ವರ್ಷ ಏನ್ ಮಾಡ್ದೆ?" ಅಂದಿದ್ದರು.

ಅವರು ಮಾಡಿದ್ದು ಕಡಿಮೆಯೇನಲ್ಲ. ಒಂದು ಗಾಣದಿಂದ ಮಿಲ್ಲು ಕಟ್ಟಿದವರು. ಆದರೆ ನಮ್ಮ ಎಣ್ಣೆ ಹೆಸರಿಲ್ಲದ ಡಬ್ಬಿಯಲ್ಲಿ ಹೋಗುತ್ತಿತ್ತು, ಅಂಗಡಿಯವರು ಅಳೆದು ಕೊಡುತ್ತಿದ್ದರು, ಕೊಂಡವರಿಗೆ ಅದು ಯಾರ ಮಿಲ್ಲಿನದು ಅಂತ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯವರಿಗೆ ಚೀಟಿ ಅಂಟಿಸಿದ ಸಣ್ಣ ಡಬ್ಬಿ ಮಾಡಬೇಕು, ಹೆಂಗಸರು ಹೆಸರು ಹೇಳಿ ಕೇಳಬೇಕು ಅನ್ನುವ ಆಸೆ. ಅದಕ್ಕಾಗಿಯೇ ಹುಬ್ಬಳ್ಳಿಯಲ್ಲಿ ಚಹಾಪುಡಿ ಕಂಪನಿಯೊಂದರ ಸೇಲ್ಸ್ ಕೆಲಸದಲ್ಲಿದ್ದವರನ್ನು ಕರೆತಂದರು. ಮೂವತ್ತರ ಆಸುಪಾಸಿನ ಮನುಷ್ಯ. ಇದ್ದ ಕೆಲಸ ಬಿಟ್ಟು, ಹೆಂಡತಿಯನ್ನು ಅಲ್ಲೇ ಇರಿಸಿ, ಹಳೇಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಮೂರು ತಿಂಗಳು ನೋಡುವುದು, ಹೊಂದಿದರೆ ಕಾಯಂ, ಇಲ್ಲದಿದ್ದರೆ ಇಲ್ಲ ಅಂತ ಮಾತಾಗಿತ್ತು.

ಆ ಮೂರು ತಿಂಗಳಿಗೆ ಬರವಣಿಗೆಯಲ್ಲಿ ಒಂದು ಯೋಜನೆ ಇರಬೇಕು ಅಂತ ಹಟ ಹಿಡಿದವರು ನಮ್ಮ ಮನೆಯವರೇ. ಹರಿಹರದ ದೊಡ್ಡ ಕಾರ್ಖಾನೆಯಲ್ಲಿ ಹೊಸ ಇಂಜಿನಿಯರು ಬಂದರೆ ಯಾವ ವಾರ ಯಾವ ವಿಭಾಗ ಅಂತ ಮೊದಲೇ ಬರೆದುಕೊಡುತ್ತಾರೆ ಅಂತ ಗೆಳೆಯರಿಂದ ಕೇಳಿ ಬಂದಿದ್ದರು. ಊಟದ ನಂತರ ಅವರು ಹೇಳುವುದು, ನಾನು ಬರೆಯುವುದು. ನನ್ನ ಅಕ್ಷರ ದುಂಡಗೆ ಅನ್ನುವುದೊಂದು ಕಾರಣ. ನಾನು ನಡುನಡುವೆ ಪ್ರಶ್ನೆ ಕೇಳುತ್ತೇನೆ, ಆಗ ಅವರಿಗೆ ವಿಚಾರ ಸ್ಪಷ್ಟವಾಗುತ್ತದೆ ಅನ್ನುವುದು ಇನ್ನೊಂದು.

ಮೊದಲ ತಿಂಗಳು ಮ್ಯಾನೇಜರ್ ಏನೂ ಬದಲಾಯಿಸುವಂತಿಲ್ಲ, ನೋಡಬೇಕು, ಕೇಳಬೇಕು. ಕಾಳು ಬರುವುದರಿಂದ ಹಿಡಿದು ಡಬ್ಬಿ ತುಂಬುವವರೆಗೆ ಮಿಲ್ಲಿನಲ್ಲಿ ನಿಲ್ಲಬೇಕು, ಗೋದಾಮು ನೋಡಬೇಕು, ನಮ್ಮ ಮನೆಯವರ ಜೊತೆ ರಾಣೆಬೆನ್ನೂರು, ಚಿತ್ರದುರ್ಗ, ಹರಿಹರದ ಅಂಗಡಿಗಳಿಗೆ ಹೋಗಬೇಕು. ಎಣ್ಣೆ ಕೊಳ್ಳುವ ಹೆಂಗಸರನ್ನೂ ಮಾತಾಡಿಸಲಿ ಅಂತ ನಾನು ಸೇರಿಸಿದೆ. ಎರಡನೇ ತಿಂಗಳು ಹರಿಹರ ಒಂದೇ ಊರು, ಆದರೆ ಪೂರ್ತಿ ಅವರ ಕೈಗೆ. ರಿಯಾಯಿತಿ ಎಷ್ಟರವರೆಗೆ ಕೇಳದೇ ಕೊಡಬಹುದು, ಅದರ ಮೇಲೆ ಯಾರನ್ನು ಕೇಳಬೇಕು ಅನ್ನುವುದನ್ನೂ ಬರೆದೆವು. ಪ್ರತಿ ಶನಿವಾರ ಸಂಜೆ ನಮ್ಮ ಮನೆಯವರೂ ಅವರೂ ಕೂತು ಏನಾಯಿತು, ಏನಾಗಲಿಲ್ಲ ಮಾತಾಡುವುದು. ಮೂರನೇ ತಿಂಗಳು ಹರಿಹರದಲ್ಲಿ ಕಲಿತದ್ದನ್ನು ಇಟ್ಟುಕೊಂಡು ಉಳಿದ ಊರುಗಳಿಗೆ ವರ್ಷದ ಯೋಜನೆ ಮಾಡುವುದು. ಚೆನ್ನಾಗಿ ಮಾಡಿದರು ಅನ್ನುವುದನ್ನು ಯಾವುದರಿಂದ ಅಳೆಯಬೇಕು? ಅದರ ಮೇಲೆ ಬಹಳ ಚರ್ಚೆಯಾಯಿತು. ಕಡೆಗೆ, ಎಷ್ಟು ಡಬ್ಬಿ ಹೋಯಿತು ಅನ್ನುವುದಕ್ಕಿಂತ ಎಷ್ಟು ಅಂಗಡಿ ಎರಡನೇ ಸಲ ತರಿಸಿದವು ಅನ್ನುವುದನ್ನು ನೋಡೋಣ ಅಂತ ಒಪ್ಪಿದೆವು.

ಸೋಮವಾರದ ಮುಂದೆಲ್ಲ 'ರಜೆ' ಅಂತ ಬರೆದೆ. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಎತ್ತಿನ ಗಾಣದ ಕಾಲದಿಂದಲೂ ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವಂತಿಲ್ಲ. ಯಂತ್ರ ಬಂದ ಮೇಲೂ ಮಾವನವರು ಆ ದಿನ ಮಿಲ್ಲಿನ ಬಾಗಿಲು ತೆಗೆಸುತ್ತಿರಲಿಲ್ಲ. ಸ್ನಾನ, ಪೂಜೆ ಮುಗಿಸಿ ಮನೆಯಲ್ಲೇ ಇರುತ್ತಿದ್ದರು. ಅವರು ಸಿಗುತ್ತಾರೆ ಅಂತ ಸುತ್ತಲಿನ ವ್ಯಾಪಾರಸ್ಥರು ಅವತ್ತೇ ಬರುತ್ತಿದ್ದರು. ಬಂದವರಿಗೆ ರೊಟ್ಟಿ, ಎಣ್ಣೆಗಾಯಿ, ಅನ್ನ, ಮಜ್ಜಿಗೆ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಹೊರಗೆ ಬಂದಾಗ ನಾಲ್ಕು ಮಾತು. ನಮಗೆ ಅದು ಬಂದವರ ಉಪಚಾರ, ಅಷ್ಟೇ.

ಮೊದಲ ತಿಂಗಳು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಮ್ಯಾನೇಜರ್ ಹರಿಹರದಲ್ಲಿ ಎಲ್ಲ ಅಂಗಡಿಗೂ ಒಂದೇ ರೇಟು ಮಾಡಿದರು. ಡಬ್ಬಿಗಳನ್ನು ಮುಂದೆ ಕಾಣುವ ಹಾಗೆ ಜೋಡಿಸಿ ಬೋರ್ಡು ಹಾಕಿದವರಿಗೆ ಸ್ವಲ್ಪ ರಿಯಾಯಿತಿ. ಸಣ್ಣ ಅಂಗಡಿಯವರು ಸಂತೋಷದಿಂದ ಒಪ್ಪಿದರು. ಅಲ್ಲಿಯ ದೊಡ್ಡ ವ್ಯಾಪಾರಿ ಮಾತ್ರ "ನೋಡೋಣ ತಗೀರಿ" ಅಂತ ನಗುತ್ತಾ ಕಳಿಸಿದರಂತೆ.

ಆಮೇಲೊಂದು ಬುಧವಾರ ಸಂಜೆ ಮ್ಯಾನೇಜರ್ ಮನೆಗೇ ಬಂದರು. ಮುಖ ಬಾಡಿತ್ತು. ನಾನು ನೀರು ತರುವಷ್ಟರಲ್ಲಿ ನಮ್ಮ ಮನೆಯವರಿಗೆ ವಿಷಯ ಹೇಳುತ್ತಿದ್ದರು. ದೊಡ್ಡ ವ್ಯಾಪಾರಿ ಇವರು ಹೇಳಿದ್ದಕ್ಕಿಂತ ಕಡಿಮೆ ರೇಟಿಗೆ ನಮ್ಮ ಮಿಲ್ಲಿನಿಂದಲೇ ಗಾಡಿ ತುಂಬ ಮಾಲು ತರಿಸಿದ್ದಾರೆ. ಸಣ್ಣ ಅಂಗಡಿಯವರು ಬೋರ್ಡು ಇಳಿಸಿ ಒಳಗಿಟ್ಟಿದ್ದಾರೆ. ಒಬ್ಬ ಮುಖಕ್ಕೇ, ನಿಮ್ಮ ಮಾತನ್ನು ನಿಮ್ಮ ಮಿಲ್ಲಿನವರೇ ಕೇಳಲ್ಲವಲ್ಲ, ನಾವು ಯಾಕೆ ಕೇಳೋಣ ಅಂದನಂತೆ.

"ರೇಟು ಆಗೋದು ಎಲ್ಲಿ ಅಂತ ನನಗೆ ಇನ್ನೂ ತಿಳಿದಿಲ್ರಿ. ತಿಳಿಯದೇ ಇದ್ರೆ ತಿಂಗಳ ಕೊನೆಗೆ ಹುಬ್ಬಳ್ಳಿಗೆ ಹೋಗಿಬಿಡ್ತೀನಿ."

ನಮ್ಮ ಮನೆಯವರು, ರೇಟು ಆಗುವುದು ಮಿಲ್ಲಿನ ಆಫೀಸಿನಲ್ಲೇ ಅಂತ ಹೇಳಲು ಶುರು ಮಾಡಿದರು. ನಾನು ಲೋಟ ಕೊಡುತ್ತಾ, "ಮೊನ್ನೆ ಸೋಮವಾರ ಹರಿಹರದವರು ಊಟಕ್ಕೆ ಬಂದಾಗ ಮಾವಾರೇ ರೇಟು ಹೇಳಿದ್ರಲ್ಲ" ಅಂದೆ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವ ಹಾಗೆ.

ಇಬ್ಬರೂ ನನ್ನ ಕಡೆ ನೋಡಿದರು.

"ಸೋಮವಾರ ನನಗೆ ರಜೆ ಬರ್ದೀರಲ್ಲ ಅಕ್ಕಾರೆ" ಅಂದರು ಮ್ಯಾನೇಜರ್.

ಅವತ್ತೇ ಯೋಜನೆ ತೆಗೆದು ತಿದ್ದಿದೆವು. ಹೊಸಬರು ಏನು ಕಲಿಯಬೇಕು ಅಂತ ಹಾಳೆಗಟ್ಟಲೆ ಬರೆದಿದ್ದೆವು. ಹಳಬರು ಏನನ್ನು ಬಿಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಸೋಮವಾರದ ಊಟಕ್ಕೆ ಮ್ಯಾನೇಜರ್ ಕೂಡ್ರಬೇಕು, ರಜೆ ಬೇರೆ ದಿನ. ಹರಿಹರದ ರೇಟನ್ನು ಅವರ ಹೊರತು ಯಾರೂ ಹೇಳಬಾರದು. ಬರೆಯುವುದು ಸುಲಭ, ಮಾವನವರಿಗೆ ಓದಿ ಹೇಳುವುದು ಯಾರು? ಮಾರನೇ ದಿನ ಬೆಳಿಗ್ಗೆ ನಮ್ಮ ಮನೆಯವರೇ ಓದಿದರು.

"ಮನಿಗೆ ಬಂದೋರಿಗೆ ಉಣಿಸೋದೂ ನಿಮ್ಮ ಹಾಳಿಗೆ ಸೇರ್ತೇನು?" ಅಂದರು ಮಾವನವರು.

"ಉಣಿಸ್ರಿ ಅಪ್ಪಾಜಿ. ರೇಟು ಮಾತ್ರ ಬಡಿಸಬ್ಯಾಡ್ರಿ."

ಮಾವನವರು ನಗಲಿಲ್ಲ. ತಾವು ತಪ್ಪು ಮಾಡಿದ್ದಾರೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಎದುರಿಗೆ ಕೂತು ಉಂಡ ಮನುಷ್ಯ ಕೇಳಿದಾಗ ರೇಟು ಒಂದಿಷ್ಟು ಇಳಿಸದಿದ್ದರೆ ಹೇಗೆ? ಸೋಮವಾರದವರೆಗೂ ಆ ಮಾತೆತ್ತಲಿಲ್ಲ. ಒಪ್ಪಿದರೋ ಇಲ್ಲವೋ ನಮಗೂ ತಿಳಿಯಲಿಲ್ಲ. ಮ್ಯಾನೇಜರ್ ಟ್ರಂಕು ಕಟ್ಟಿಟ್ಟಿದ್ದಾರೆ ಅನ್ನುವ ಸುದ್ದಿಯಂತೂ ಬಂತು.

ಸೋಮವಾರ ಮ್ಯಾನೇಜರಿಗೂ ಮಣೆ ಹಾಕಿದೆ. ಹರಿಹರದ ವ್ಯಾಪಾರಿ ಇವರನ್ನು ನೋಡಿ ಒಂದು ಗಳಿಗೆ ತಡೆದು, ಆಮೇಲೆ ಮಳೆ ಬೆಳೆ ಮಾತಾಡುತ್ತಾ ಉಂಡರು. ಎಲೆ ಅಡಿಕೆ ತಟ್ಟೆ ಇಟ್ಟೆ. ರೂಢಿಯಂತೆ ಅವರು ಮಾವನವರ ಕಡೆ ವಾಲಿ, "ಸಾವ್ಕಾರ್ರೆ, ಈ ಸಲದ್ದು ಹೆಂಗೆ?" ಅಂದರು.

ಮಾವನವರು ಎಲೆಯ ನಾರು ತೆಗೆದರು. ಸುಣ್ಣ ಹಚ್ಚಿದರು. ಅಷ್ಟು ನಿಧಾನವಾಗಿ ಹಚ್ಚಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಹರಿಹರದ ಮಾತು ಇವರದು. ಇವರನ್ನ ಕೇಳ್ರಿ."

"ನಿಮ್ಮ ಎಣ್ಣಿ, ನಿಮ್ಮ ಮನಿ. ಇವರನ್ನ ಯಾಕ ಕೇಳ್ಲಿ?"

"ನನ್ನ ಮನಿ ಅಂತಲೇ ಹೇಳ್ತಿರೋದು" ಅಂದರು ಮಾವನವರು.

ಮ್ಯಾನೇಜರ್ ಎದ್ದು ವ್ಯಾಪಾರಿಯನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದರು. ಮಾವನವರು ಜಮಖಾನದ ಮೇಲೆ ಒಬ್ಬರೇ ಉಳಿದರು. ಮುಂದಿನ ಕೋಣೆಯಲ್ಲಿ ದನಿ ಏರುತ್ತಿತ್ತು, ಇಳಿಯುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ.

"ರೇಟು ಎಷ್ಟು ಹೇಳಿರ್ತಾನವ್ವಾ?" ಅಂತ ನನ್ನನ್ನು ಕೇಳಿದರು.

"ಮಜ್ಜಿಗೆ ಕೊಡೋ ನೆವದಾಗ ಹೋಗಿ ಕೇಳ್ಕೊಂಡು ಬರ್ಲೇನು ಮಾವ?"

ಅವರು ಬಾಗಿಲ ಕಡೆ ನೋಡಿದರು. ಎದ್ದೇಳುವವರ ಹಾಗೆ ಒಂದು ಕೈ ನೆಲಕ್ಕೆ ಊರಿದರು. ಆಮೇಲೆ ಆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಬ್ಯಾಡ" ಅಂದರು.