ಹಸಿರು ಬೀಗ ಬೀಳುವವರೆಗೆ

ಅಪ್ಪ ಹೊನ್ನಾವರದಲ್ಲಿ ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ಆಮೇಲೆ ಅವರೂ, ನಾನು ಆಯಿ ಎಂದು ಕರೆಯುವ ಅಮ್ಮನೂ ಕುಮಟೆಯಲ್ಲಿ ನನ್ನ ಜೊತೆಗೇ ಇದ್ದರು. ನಾನು ಅಲ್ಲಿ ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ನನ್ನ ಹಳೆಯ ಲ್ಯಾಪ್‌ಟಾಪ್ ತಗೊಂಡು ಇಮೇಲ್ ಕಲಿತಿದ್ದರು. ಮುಂಬಯಿಯಲ್ಲಿದ್ದ ಚಿಕ್ಕಮ್ಮನಿಗೆ ಮಂಡಿ ನೋವು ಅಂತ ವರ್ಷಕ್ಕೆ ಎರಡು ಮೂರು ಸಲ ಇಬ್ಬರೂ ಹೋಗಿ ಬರುತ್ತಿದ್ದರು. ಆಗೆಲ್ಲ ಲ್ಯಾಪ್‌ಟಾಪ್ ಅವರ ಜೊತೆಗೇ ಹೋಗುತ್ತಿತ್ತು.

ಅಂಥ ಒಂದು ಪ್ರಯಾಣ ಮುಗಿಸಿ ಬಂದ ವಾರಕ್ಕೆ, ಅಪ್ಪ ಬೆಳಗಿನ ಚಾ ಕುಡಿಯುತ್ತ ಕೂತಿದ್ದಾಗ ಭಟ್ಕಳದಿಂದ ಫೋನ್ ಬಂತು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರ ಹಳೆಯ ಸ್ನೇಹಿತರು.

"ಮಾಸ್ತರೇ, ಎಲ್ಲಿದ್ದೀರಿ? ಆರಾಮ ಇದ್ದೀರಾ?"

"ಮನೇಲೇ ಇದ್ದೇನೆ. ಎಂತ ಆತು?"

"ಪರದೇಶದಲ್ಲಿ ಸಿಕ್ಕಿಬಿದ್ದಿದ್ದೇನೆ, ಚೀಲ ಕಳವಾಗಿದೆ, ಸಹಾಯ ಮಾಡಿ ಅಂತ ನಿಮ್ಮ ಮೇಲ್ ಬಂದದೆ!"

ಅಪ್ಪ ಲೋಟ ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದರು; ಅವರ ಪಾಸ್‌ವರ್ಡ್ ನಡೆಯಲಿಲ್ಲ. ಅವರ ಖಾತೆಯೊಳಗೆ ಯಾರೋ ನುಗ್ಗಿ, ಪಾಸ್‌ವರ್ಡ್ ಬದಲಿಸಿ, ಗುರುತಿದ್ದವರಿಗೆಲ್ಲ ಬರೆದಿದ್ದರು. ಖಾತೆ ವಾಪಸ್ ಸಿಗಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕೂ ದಿನ ಅಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ "ಅದು ನಾನಲ್ಲ" ಅಂತ ಹೇಳುತ್ತಿದ್ದರು. ಮೂವತ್ತಾರು ವರ್ಷ ಊರವರ ಕಾಗದಗಳನ್ನು ಕಾದ ಮನುಷ್ಯ. ಅವರ ದನಿಯಲ್ಲಿದ್ದ ನಾಚಿಕೆ ನನಗೆ ಸಹಿಸಲಾಗಲಿಲ್ಲ.

ಎಲ್ಲಿ ಸೋರಿತು ಎಂದು ಖಚಿತವಾಗಿ ಹೇಳಲಾರೆ. ಮುಂಬಯಿಯ ಒಂದು ಕೆಫೆಯಲ್ಲಿ, ಆಮೇಲೆ ಸ್ಟೇಶನ್ನಿನಲ್ಲಿ, ಬೀಗವಿಲ್ಲದ, ಅಂದರೆ ಪಾಸ್‌ವರ್ಡ್ ಕೇಳದ, ವೈಫೈಗೆ ಸೇರಿ ಮೇಲ್ ನೋಡಿದ್ದಾಗಿ ಅಪ್ಪ ಹೇಳಿದರು. ಆಗ ಎಷ್ಟೋ ಮೇಲ್ ಸೇವೆಗಳು ಪಾಸ್‌ವರ್ಡ್ ಕೇಳುವ ಪುಟವನ್ನಷ್ಟೇ ಭದ್ರವಾಗಿಟ್ಟು, ಮುಂದಿನದನ್ನೆಲ್ಲ ತೆರೆದೇ ಬಿಡುತ್ತಿದ್ದವು. ಅದೇ ವೈಫೈಯಲ್ಲಿ ಕೂತವನು ಮನಸ್ಸು ಮಾಡಿದರೆ ಓದಬಹುದಿತ್ತು, ಖಾತೆಯೊಳಗೂ ನುಗ್ಗಬಹುದಿತ್ತು. ಇದೆಲ್ಲ ಗೊತ್ತಿದ್ದೂ ಮನೆಯವರಿಗೆ ಹೇಳದೆ ಉಳಿದವಳು ನಾನು.

ಅಪ್ಪ ಲ್ಯಾಪ್‌ಟಾಪ್ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅದನ್ನು ಮತ್ತೆ ಹೊರಗೆ ತೆಗೆಸಿದವಳು ಆಯಿ. "ಹೆದರಿ ಕೂತ್ರೆ ಆತಾ? ನಂಗೂ ಅರ್ಥ ಆಗೋ ಹಾಗೆ ಎಲ್ಲಾ ಬರ್ದು ಕೊಡು ಮಗಾ," ಅಂದಳು.

ವರ್ಷದ ಚಂದಾ ಕಟ್ಟಿ ಒಂದು ವಿಪಿಎನ್ ತಗೊಂಡೆ. ಅದೆಂದರೇನು ಅಂತ ಅಪ್ಪನಿಗೆ ಅವರ ಕೆಲಸದ ಮಾತಿನಲ್ಲೇ ಹೇಳಿದೆ. "ಬೀಗ ಇಲ್ಲದ ವೈಫೈ ಅಂದ್ರೆ ಪೋಸ್ಟ್ ಕಾರ್ಡ್. ದಾರೀಲಿ ಯಾರೂ ಓದಬಹುದು. ವಿಪಿಎನ್ ಅಂದ್ರೆ ಅರಗಿನ ಸೀಲು ಹಾಕಿದ ಅಂಚೆ ಚೀಲ. ವಿಪಿಎನ್ ಕೊಡೋ ಕಂಪನಿಯ ಕಂಪ್ಯೂಟರಿಗೆ ತಲುಪಿದ ಮೇಲೇ ಒಡೆಯೋದು."

ಅಪ್ಪ ಕನ್ನಡಕ ತೆಗೆದರು. "ಹಾಗಾದ್ರೆ ಚೀಲ ಒಡೆಯೋ ಆಫೀಸಿನವ್ರು ನೋಡಬಹುದಲ್ಲ?"

"ಹೌದು ಅಪ್ಪ. ಅದಕ್ಕೇ ನಂಬಿಕಸ್ತರದ್ದು ನೋಡಿ ತಗೋಬೇಕು. ಪುಕ್ಕಟೆ ಸಿಗೋದು ಬೇಡ. ಮತ್ತೆ, ಕಳ್ಳ ಪುಟಕ್ಕೆ ನೀವೇ ಪಾಸ್‌ವರ್ಡ್ ಬರೆದು ಕೊಟ್ರೆ ಯಾವ ಸೀಲೂ ಕಾಯೋದಿಲ್ಲ."

ಶಾಲೆಯ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ವೈಫೈಯ ಹೆಸರು ಯಾವುದೆಂದು ಅಲ್ಲಿಯ ಕೆಲಸದವರನ್ನೇ ಕೇಳಿ. ಪಟ್ಟಿಯಲ್ಲಿ ಕಂಡದ್ದಕ್ಕೆಲ್ಲ ಸೇರಬೇಡಿ. ಸೇರಿದ ಕೂಡಲೇ ವಿಪಿಎನ್ ಹಾಕಿ. ಪರದೆಯ ಕೆಳಗಿನ ಮೂಲೆಯಲ್ಲಿ ವಿಪಿಎನ್‌ನ ಬೀಗದ ಚಿತ್ರ ಹಸಿರಾಗುವವರೆಗೆ ಬೇರೆ ಏನನ್ನೂ ತೆರೆಯಬೇಡಿ. ಮಧ್ಯದಲ್ಲಿ ಬೀಗ ಕೆಂಪಾದರೆ ಕೈ ತೆಗೆಯಿರಿ. ಬೇರೆಯವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬರೆಯಲೇಬೇಡಿ. ಮುಗಿದ ಮೇಲೆ ವೈಫೈ ಆರಿಸಿ.

ಮನೆಯಲ್ಲಿ ಹತ್ತು ಸಲ ಮಾಡಿಸಿದೆ. ಭಟ್ಕಳದ ಸ್ನೇಹಿತರ ಅಂಗಡಿಯ ವೈಫೈಯಲ್ಲೂ ಮಾಡಿಸಿದೆ. ಎರಡೂ ಕಡೆ ಬೀಗ ತಕ್ಷಣ ಹಸಿರಾಯಿತು. ನನಗೆ ಸಮಾಧಾನವಾಯಿತು.

ಇಬ್ಬರೂ ಮತ್ತೆ ಮುಂಬಯಿಗೆ ಹೋದರು. ವಾಪಸ್ ಬರುವ ಟಿಕೆಟ್ ನಾನೇ ಬುಕ್ ಮಾಡಿ ಮೇಲ್‌ನಲ್ಲಿ ಕಳಿಸಿದ್ದೆ. ಅದರ ಮುದ್ರಿತ ಪ್ರತಿ ಕೈಯಲ್ಲಿರಬೇಕಿತ್ತು. ಚಿಕ್ಕಮ್ಮನ ಮನೆಯ ಗಡಿಬಿಡಿಯಲ್ಲಿ ಅದು ಮರೆತುಹೋಯಿತು. ಸ್ಟೇಶನ್ ಪಕ್ಕದ ಕೆಫೆಯೊಂದರಲ್ಲಿ ಕೂತು, ಟಿಕೆಟ್ಟನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸುವುದೆಂದು ತೀರ್ಮಾನಿಸಿದ್ದರು. ರೈಲಿಗೆ ಇನ್ನು ಒಂದೂವರೆ ತಾಸು. ನಾನು ತರಗತಿಯಲ್ಲಿದ್ದಾಗ ಫೋನ್ ಬಂತು.

"ವೈಫೈ ಸೇರಿದ್ದೇನೆ," ಅಪ್ಪನ ದನಿ ಬಿಗಿಯಾಗಿತ್ತು. "ಬೀಗ ಹಸಿರಾಗ್ತಾ ಇಲ್ಲ. ಐದು ಸಲ ನೋಡ್ದೆ."

"ಹೆಸರು ಕೇಳಿ ಸೇರಿದ್ರಾ?"

"ಕೇಳಿದೆ. ಪಟ್ಟಿಯಲ್ಲಿ ಇನ್ನೊಂದು ಇದೆ, ಫ್ರೀ ಅಂತ ಬರ್ದಿದೆ. ಅದಕ್ಕೆ ಸೇರಿ ನೋಡ್ಲಾ?"

"ಬೇಡ ಅಪ್ಪಾ! ಅದು ಯಾರದ್ದೋ ಏನೋ—"

ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

"ಬೇಡ" ಅಂದದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ? ವಿದ್ಯಾರ್ಥಿಗಳನ್ನು ಬಿಟ್ಟು ಹೊರಗಿನ ಮೆಟ್ಟಿಲ ಮೇಲೆ ನಿಂತೆ. ಅಪ್ಪ ಆ ಫ್ರೀ ಎಂಬುದಕ್ಕೆ ಸೇರಿರಬಹುದು. ವಿಪಿಎನ್ ಆಗಲಿಲ್ಲವೆಂದು ಹಾಗೇ ಪಾಸ್‌ವರ್ಡ್ ಬರೆದಿರಬಹುದು. ಮತ್ತೆ ಭಟ್ಕಳದಿಂದ ಫೋನ್, ಮತ್ತೆ "ಅದು ನಾನಲ್ಲ". ಕೆಳಗೆ ಪೇಟೆಯ ಗದ್ದಲ ಎಂದಿನಂತೆ ನಡೆದಿತ್ತು. ನಾನು ಮತ್ತೆ ಮತ್ತೆ ನಂಬರ್ ಒತ್ತಿದೆ.

ಬೀಗ ಯಾಕೆ ಹಸಿರಾಗಲಿಲ್ಲ ಎಂದು ಹೊಳೆದದ್ದು ಆಗ. ಅಂಥ ಕೆಫೆಗಳಲ್ಲಿ ವೈಫೈ ಸೇರಿದ ಮಾತ್ರಕ್ಕೆ ಇಂಟರ್‌ನೆಟ್ ಬಿಡುವುದಿಲ್ಲ. ಮೊದಲು ಬ್ರೌಸರ್ ತೆರೆಯಬೇಕು. ಅವರದೊಂದು ಪುಟ ಬರುತ್ತದೆ. ಅದರಲ್ಲಿ ಒಪ್ಪಿಗೆ ಕೊಡಬೇಕು. ಅದಾಗದೆ ವಿಪಿಎನ್ ಹೊರಗೆ ಹೋಗಲು ದಾರಿಯೇ ಇಲ್ಲ. ನಾನೋ, ಹಸಿರಾಗುವವರೆಗೆ ಏನನ್ನೂ ತೆರೆಯಬೇಡಿ ಎಂದು ಬರೆದಿದ್ದೆ. ಅಪ್ಪ ಅಕ್ಷರ ಬಿಡದೆ ಪಾಲಿಸಿದ್ದರು. ತಪ್ಪು ನನ್ನ ಬರಹದಲ್ಲೇ ಇತ್ತು.

ಐವತ್ತು ನಿಮಿಷದ ಮೇಲೆ ಮುಂಬಯಿಯ ಯಾವುದೋ ಟೆಲಿಫೋನ್ ಬೂತಿನ ನಂಬರಿನಿಂದ ಕರೆ ಬಂತು. ಆಯಿ.

"ಅಪ್ಪನ ಮೊಬೈಲ್ ಬ್ಯಾಟರಿ ಹೋತು. ಟಿಕೆಟ್ ಸಿಕ್ಕಿತು, ಹೆದರಬೇಡ."

"ಆ ಫ್ರೀ ವೈಫೈಗೆ ಸೇರಿದ್ರಾ ಆಯಿ?"

"ಇಲ್ಲಪ್ಪ. ಅವ್ರು ಕೈ ಹಾಕ್ತಿದ್ರು, ನಾನು ಬಿಡಲಿಲ್ಲ. ಕೌಂಟರಿನ ಹುಡುಗಿ ಹತ್ರ ಹೋಗಿ ಕೇಳ್ದೆ. ಒಂದು ಚೀಟಿ ಕೊಟ್ಟು, ಮೊದಲು ಇಂಟರ್‌ನೆಟ್ ಪುಟ ತೆರೀರಿ, ಈ ಚೀಟಿ ನಂಬರ್ ಹಾಕಿ ಅಂದ್ಳು. ನಿನ್ನ ಪುಸ್ತಕದಲ್ಲಿ ತೆರೀಬೇಡ ಅಂತಿತ್ತು. ಎಂತ ಮಾಡೋದು? ಆ ಪುಟ ಚೀಟಿ ನಂಬರ್ ಬಿಟ್ಟು ಬೇರೆ ಎಂತದೂ ಕೇಳಲಿಲ್ಲ. ಮೇಲ್ ಪಾಸ್‌ವರ್ಡ್ ಕೇಳಿದ್ರೆ ಎದ್ದು ಬರೋದು ಅಂತ ಇಬ್ರೂ ಮಾತಾಡ್ಕೊಂಡ್ವಿ. ನಂಬರ್ ಹಾಕಿ, ಆಮೇಲೆ ವಿಪಿಎನ್ ಹಾಕಿದ್ವಿ. ಹಸಿರಾತು."

ನಾನು ಗೋಡೆಗೆ ಒರಗಿದೆ.

"ನಡುವೆ ಒಂದ್ಸಲ ಕೆಂಪಾತು ನೋಡು. ಅಪ್ಪ ಬಿಸಿ ಬಾಣಲೆ ಮುಟ್ಟಿದ ಹಾಗೆ ಎರಡೂ ಕೈ ಮೇಲೆ ಎತ್ತಿದ್ರು. ಪುಟ ಮುಚ್ಚಿ, ಮತ್ತೆ ಹಸಿರು ಮಾಡ್ಕೊಂಡು, ಆಮೇಲೇ ಟಿಕೆಟ್ ಇಳಿಸಿದ್ದು. ಸರಿ, ರೈಲಿಗೆ ಹೊತ್ತಾತು, ಇಡ್ತೇನೆ."

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮಾರನೆ ದಿನ ಕುಮಟೆಯ ಸ್ಟೇಶನ್ನಿಗೆ ಹೋದೆ. ಅಪ್ಪ ಇಳಿಯುತ್ತಲೇ, "ನಿನ್ನ ಪುಸ್ತಕದಲ್ಲಿ ಒಂದು ತಪ್ಪಿದೆ," ಅಂದರು.

"ಗೊತ್ತು ಅಪ್ಪ. ಅದರಿಂದಾಗಿ ನೀವು ಪೇಚಾಡಿದ್ರಿ."

"ತಪ್ಪು ಇರಲಿ. ಬೇರೆಯವರಿಗೆ ಕೊಡೋ ಮೊದ್ಲು ತಿದ್ದು."

ಬೇರೆಯವರಿಗೆ ಎಂದಾಗಲೇ ಗೊತ್ತಾದದ್ದು, ಹೊನ್ನಾವರದ ತಮ್ಮ ನಿವೃತ್ತ ಗೆಳೆಯರಿಗೂ ಕೊಡುವುದಾಗಿ ಅವರು ಮಾತು ಕೊಟ್ಟಿದ್ದಾರೆಂದು. ಮನೆಗೆ ಬಂದು, ಅಪ್ಪ ಸ್ನಾನ ಮಾಡಿ ಬರುವಷ್ಟರಲ್ಲಿ ಆ ಪುಟ ಹೊಸದಾಗಿ ಬರೆದೆ. ಈ ಸಲ ಆಯಿ ಪಕ್ಕದಲ್ಲಿ ಕೂತು ಓದಿಸಿಕೊಂಡಳು. ಅವಳಿಗೆ ಅರ್ಥವಾಗದ ಎರಡು ಸಾಲು ಹೊಡೆದು ಹಾಕಿಸಿದಳು.