ನಿನ್ನೆಯ ದರಕ್ಕೆ ನಿಂತ ಆರ್ಡರ್

ಗಂಗಾವತಿಯಲ್ಲಿ ಬತ್ತದ ವ್ಯಾಪಾರಿಗಳು ಮುಂಜಾನೆ ಚಹಾ ಕುಡಿಯುವ ಹೊತ್ತಿಗೆ ನಮ್ಮ ಷೇರು ಆಫೀಸಿನ ಬಾಗಿಲು ತೆರೆಯುತ್ತಿತ್ತು. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಎರಡು ಕಂಪ್ಯೂಟರ್, ಒಂದು ಬೆಂಚು. ಗಿರಾಕಿಗಳು ಹೇಳಿದ್ದನ್ನು ಕಂಪ್ಯೂಟರಿಗೆ ಹಾಕುವವನು ನಾನು. ಬೆರಳಿನ ವೇಗದ ಬಗ್ಗೆ ನನಗೆ ಸೊಕ್ಕಿತ್ತು. ಆ ಸೊಕ್ಕು ಮುರಿದ ವಾರದ ಕಥೆ ಇದು.

ಇರಕಲ್ಲಗಡದ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಒಬ್ಬ ಅಕ್ಕ ನಮ್ಮ ಗಿರಾಕಿ. ಮೂವತ್ತು ವರ್ಷ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕಳೆದವರು. ಈಗ ಗಂಗಾವತಿಯಲ್ಲಿ ಜಾಗ ಕೊಂಡು ಸ್ವಂತ ಮನೆ ಕಟ್ಟಿಸುತ್ತಿದ್ದರು. ಗೋಡೆ ಎದ್ದು, ಸ್ಲ್ಯಾಬಿಗೆ ಸೆಂಟ್ರಿಂಗ್ ಹಲಿಗೆ ಹೊಡೆದಾಗಿತ್ತು. ಕಬ್ಬಿಣ, ಸಿಮೆಂಟಿಗೆ ಬೇಕಾದ ಹಣವೆಲ್ಲ ಒಂದೇ ಸಣ್ಣ ಕಂಪನಿಯ ಷೇರಿನಲ್ಲಿತ್ತು. ಒಂದೇ ಬುಟ್ಟಿಯಲ್ಲಿ ಎಲ್ಲ ಇಡಬೇಡಿ ಎಂದು ನಾನು ಹೇಳಿದ್ದೆ. ಆದರೆ ಆ ಷೇರು ಏರುವಾಗ ಅವರಷ್ಟೇ ಖುಷಿಪಟ್ಟವನೂ ನಾನೇ.

ಒಂದು ಭಾನುವಾರ ಆ ಕಂಪನಿಯ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಎಂದು ಸುದ್ದಿ ಬಂತು. ಸೋಮವಾರ ಎಂಟೂವರೆಗೇ ಅಕ್ಕ ಬಂದು ಬೆಂಚಿನ ಮೇಲೆ ಕುಳಿತರು.

"ತಮ್ಮಾ, ಎಲ್ಲಾ ಮಾರಿಬಿಡು. ಎಷ್ಟಕ್ಕ ಹೋದ್ರೂ ಹೋಗಲಿ. ಗುರುವಾರ ಸ್ಲ್ಯಾಬ್ ಹಾಕಬೇಕು."

"ಆತ್ರಿ ಅಕ್ಕಾರ, ಒಂಬತ್ತಕ್ಕ ಮೊದಲನೇ ಆರ್ಡರ್ ನಿಮ್ದ."

ಆ ಷೇರಿಗೆ ದಿನಕ್ಕೆ ನೂರಕ್ಕೆ ಐದರ ಮಿತಿ ಇತ್ತು. ಹಿಂದಿನ ದರ ನೂರು ರೂಪಾಯಿ. ಅಂದರೆ ಆ ದಿನ ತೊಂಬತ್ತೈದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಇದಕ್ಕೆ ಸರ್ಕ್ಯೂಟ್ ಅನ್ನುತ್ತಾರೆ. ಸರ್ಕ್ಯೂಟ್ ಬಿದ್ದರೆ ವ್ಯಾಪಾರ ಬಂದ್ ಎಂದು ಜನ ತಿಳಿಯುತ್ತಾರೆ. ಬಾಗಿಲು ಯಾರೂ ಹಾಕಿರುವುದಿಲ್ಲ. ಆ ಕೆಳಗಿನ ದರಕ್ಕೆ ಮಾರುವವರು ಸಾಲುಗಟ್ಟಿ ನಿಂತಿರುತ್ತಾರೆ, ಕೊಳ್ಳುವವರು ಬರುವುದಿಲ್ಲ, ಅಷ್ಟೆ. ಅಪ್ಪಿತಪ್ಪಿ ಒಬ್ಬ ಬಂದರೆ ಸಾಲಿನಲ್ಲಿ ಮುಂದೆ ನಿಂತವರ ಮಾಲು ಹೋಗುತ್ತದೆ. ಹಾಗಾಗಿ ಅಂಥ ದಿನ ಮೊದಲು ನಿಂತವನೇ ಜಾಣ.

ಆ ಸಾಲು ಶುರುವಾಗುವುದು ಒಂಬತ್ತು ಗಂಟೆಗೆ. ಒಂಬತ್ತೂ ಕಾಲಿಗೆ ಪೇಟೆ ತೆರೆಯುವ ಮುನ್ನ, ಮೊದಲ ಏಳೆಂಟು ನಿಮಿಷ ಎಲ್ಲರ ಆರ್ಡರುಗಳನ್ನು ಸೇರಿಸಿಕೊಳ್ಳುತ್ತಾರೆ. ಆಮೇಲೆ ಹೆಚ್ಚು ಷೇರು ಕೈ ಬದಲಾಗುವಂಥ ಒಂದೇ ದರ ಹುಡುಕಿ, ಆ ದರಕ್ಕೆ ವ್ಯಾಪಾರ ಮುಗಿಸುತ್ತಾರೆ. ಒಂಥರಾ ಹರಾಜು. ಉಳಿದ ಆರ್ಡರುಗಳು ಮಾಮೂಲಿ ಪೇಟೆಗೆ ಹೋಗಿ ನಿಲ್ಲುತ್ತವೆ. ಈ ಆಟದಲ್ಲಿ ದರ ಬರೆದು ಕೊಡುವ ಆರ್ಡರ್ ಒಂದು ಬಗೆ, ದರವನ್ನೇ ಬರೆಯದೆ "ಸಿಕ್ಕಷ್ಟಕ್ಕೆ" ಅನ್ನುವ ಮಾರ್ಕೆಟ್ ಆರ್ಡರ್ ಇನ್ನೊಂದು. ಸಿಕ್ಕಷ್ಟಕ್ಕೆ ಅಂದವನಿಗೆ ಸಾಲಿನಲ್ಲಿ ಮೊದಲ ಜಾಗ ಎಂದು ನಮ್ಮ ಕಡೆಯ ಆಫೀಸುಗಳಲ್ಲೆಲ್ಲ ನಂಬಿದ್ದೆವು. ಕುಷ್ಟಗಿಯವನೂ ಹಾಗೇ ಹಾಕುತ್ತಿದ್ದ, ಕೊಪ್ಪಳದವನೂ ಹಾಗೇ. ಪುಸ್ತಕ ತೆಗೆದು ನಿಯಮ ಓದಿದವರು ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಒಂಬತ್ತು ಹೊಡೆದದ್ದೇ ಅಕ್ಕನ ಷೇರನ್ನೆಲ್ಲ ಮಾರ್ಕೆಟ್ ಆರ್ಡರಿನಲ್ಲಿ ಹಾಕಿದೆ. ಆಮೇಲೆ ಅದೇ ಷೇರು ಇಟ್ಟಿದ್ದ ಒಬ್ಬ ಅಕ್ಕಿ ವ್ಯಾಪಾರಿಯದು. ಆತ ಎಣಿಸಿ ಎಣಿಸಿ ಬದುಕುವ ಮನುಷ್ಯ. ಚೀಟಿಯ ಮೇಲೆ "95" ಎಂದು ಬರೆದೇ ಕೊಟ್ಟಿದ್ದ. ಹಾಗೇ ಹಾಕಿದೆ. ಆ ಹರಾಜಿಗೆ ಕೊಳ್ಳುವವನು ಒಬ್ಬನೂ ಬರಲಿಲ್ಲ.

ಒಂಬತ್ತೂವರೆ ಸುಮಾರಿಗೆ ಯಾರೋ ಒಬ್ಬ ದೊಡ್ಡ ಕುಳ ತೊಂಬತ್ತೈದಕ್ಕೆ ಕೊಳ್ಳಲು ಬಂದ. ಅಕ್ಕಿ ವ್ಯಾಪಾರಿಯ ಷೇರೆಲ್ಲ ಮಾರಾಟವಾಯಿತು. ಅಕ್ಕನದು ಒಂದೂ ಹೋಗಲಿಲ್ಲ. ಅವರ ಆರ್ಡರನ್ನು ತೆರೆದು ನೋಡಿದೆ. ಅದರ ಮುಂದೆ ನೂರು ರೂಪಾಯಿ ಎಂದಿತ್ತು.

ಹೆಡ್ ಆಫೀಸಿಗೆ ಫೋನು ಮಾಡಿದೆ. ಅಲ್ಲಿದ್ದವನು ಮಗ್ಗಿ ಹೇಳಿದ ಹಾಗೆ ಹೇಳಿದ: ಹರಾಜಿನಲ್ಲಿ ದರವೇ ಸಿಗದಿದ್ದರೆ, ದರ ಬರೆಯದ ಆರ್ಡರ್ ಹಿಂದಿನ ಮುಕ್ತಾಯದ ದರಕ್ಕೆ ಹೋಗಿ ನಿಲ್ಲುತ್ತದೆ. ಎಲ್ಲರೂ ತೊಂಬತ್ತೈದಕ್ಕೆ ಕೊಡುತ್ತಿರುವಾಗ ನಮ್ಮ ಅಕ್ಕ, ತಮಗೇ ಗೊತ್ತಿಲ್ಲದೆ, ನೂರು ರೂಪಾಯಿ ಕೇಳುತ್ತ ಕುಳಿತಿದ್ದರು. ಆರ್ಡರ್ ತೆಗೆದು ತೊಂಬತ್ತೈದಕ್ಕೆ ಹಾಕಿದೆ. ಅಷ್ಟರಲ್ಲಿ ದೊಡ್ಡ ಕುಳ ಹೋಗಿಯಾಗಿತ್ತು, ಸಾಲು ಬೆಳೆದಿತ್ತು, ನಾವು ಅದರ ತುದಿಯಲ್ಲಿದ್ದೆವು.

"ಏನಾತು ತಮ್ಮಾ?"

ನನ್ನ ಬಾಯಿಂದ ಬಂದದ್ದು ಇಷ್ಟೇ: "ಸರ್ಕ್ಯೂಟ್ ಬಿದ್ದೈತ್ರಿ ಅಕ್ಕಾರ. ನಾಳೆ ಆಗ್ತೈತಿ."

ಸುಳ್ಳಲ್ಲ. ಅದೇ ಅದರ ಅನುಕೂಲ. ಸರ್ಕ್ಯೂಟ್ ಬಿತ್ತು ಅಂದರೆ ಯಾರ ತಪ್ಪೂ ಅಲ್ಲ, ಮಳೆ ಬಂತು ಅಂದಹಾಗೆ. ಆಫೀಸಿನ ಮಾಲೀಕರೂ ಕಿವಿಯಲ್ಲಿ ಅದನ್ನೇ ಹೇಳಿದರು: "ಸುಮ್ನಿರೋ. ಅವರಿಗೇನ ತಿಳೀತದ?"

ಮಂಗಳವಾರ ದರ ಮತ್ತೆ ನೂರಕ್ಕೆ ಐದರಷ್ಟು ಇಳಿದು ಅಲ್ಲೇ ನಿಂತಿತು. ಹಿಂದಿನ ದಿನದ ಆರ್ಡರ್ ಸಂಜೆಗೇ ಸತ್ತಿರುತ್ತದೆ, ಪ್ರತಿ ಮುಂಜಾನೆ ಹೊಸದಾಗಿ ಸಾಲಿಗೆ ನಿಲ್ಲಬೇಕು. ಈ ಸಲ ಒಂಬತ್ತಕ್ಕೆ ಸರಿಯಾಗಿ ದರ ಬರೆದೇ ಹಾಕಿದೆ. ಆದರೆ ದೇಶದವರೆಲ್ಲ ಒಂಬತ್ತಕ್ಕೇ ಹಾಕಿದ್ದರು. ಬುಧವಾರವೂ ಹಾಗೇ. ಅಕ್ಕ ಮೂರೂ ದಿನ ಬಂದು ಬೆಂಚಿನ ಮೇಲೆ ಕುಳಿತು, ಏಳುವಾಗ ಕೇಳುತ್ತಿದ್ದರು, "ನಾಳೆ ಆಗ್ತೈತೇನು?" ನಾನು ಹೂಂ ಅನ್ನುತ್ತಿದ್ದೆ.

ಗುರುವಾರ, ಸ್ಲ್ಯಾಬ್ ಹಾಕಬೇಕಿದ್ದ ದಿನ, ಅವರು ಮೆಟ್ಟಿಲು ಹತ್ತಿ ಬರುತ್ತಿದ್ದಾಗಲೇ ಎದುರು ಹೋಗಿ ಎಲ್ಲ ಹೇಳಿದೆ. ಸೋಮವಾರ ಹಾಕಿದ ಆರ್ಡರ್, ನೂರು ರೂಪಾಯಿ, ಅಕ್ಕಿ ವ್ಯಾಪಾರಿಯ ಚೀಟಿ, ಯಾವುದನ್ನೂ ಮುಚ್ಚಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ತಪ್ಪು ಯಾರ ಮಾಡಂಗಿಲ್ಲ? ನಾನೂ ಮಾಡೀನಿ. ಆದ್ರ ಸೋಮವಾರ ಯಾಕ ಹೇಳಲಿಲ್ಲ ತಮ್ಮಾ?"

ಅವರೇ ಮುಂದುವರಿಸಿದರು:

"ಯಲಬುರ್ಗಾದ ಕಡೆ ಮಂಗಳೂರಾಗ ನನ್ನ ತಮ್ಮ ಅದಾನ. ಹತ್ತಿ ಮಾರಿದ ರೊಕ್ಕ ಇಟಗೊಂಡು ಕೂತಿದ್ದ. ಸ್ಲ್ಯಾಬಿಗೆ ಬೇಕೇನಕ್ಕಾ ಅಂತ ಸೋಮವಾರ ಸಂಜಿಗೆ ಫೋನ್ ಮಾಡಿದ್ದ. ನಾಳೆ ನಂದ ಬರ್ತೈತಿ, ಬ್ಯಾಡ ಅಂದೆ. ನೀ ಹೇಳಿದ್ದಿಯಲ್ಲ. ಮಂಗಳವಾರ ಅವ ಟ್ರ್ಯಾಕ್ಟರಿಗೆ ಕಟ್ಟಿಬಿಟ್ಟಾನ."

ಆರ್ಡರಿನ ತಪ್ಪು ನಿಯಮ ಓದದವನ ತಪ್ಪು. ಮುಚ್ಚಿಟ್ಟದ್ದು ಗೊತ್ತಿದ್ದೂ ಮಾಡಿದ್ದು.

ಮುಂದಿನ ವಾರ ಷೇರು ಮಾರಾಟವಾದಾಗ ದರ ಎಪ್ಪತ್ತರ ಆಸುಪಾಸಿಗೆ ಬಂದಿತ್ತು. ಹಲಿಗೆಯ ಬಾಡಿಗೆ ಬೇರೆ ಬೆಳೆದಿತ್ತು. ನನ್ನ ಎರಡು ತಿಂಗಳ ಪಗಾರ ಕೊಡಲು ಹೋದೆ, ಅಕ್ಕ ಮುಟ್ಟಲಿಲ್ಲ. ಬಂದ ಹಣ ಸ್ಲ್ಯಾಬಿಗೆ ಸಾಲದೆ ಸೆಂಟ್ರಿಂಗ್ ಬಿಚ್ಚಿಸಿ, ಮನೆಯ ಮೇಲೆಲ್ಲ ತಗಡು ಹಾಕಿಸಿದರು.

ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಹೋಗದಿರಲು ನೆಪ ಹುಡುಕಿ, ಸಿಗದೆ ಹೋದೆ. ಬೇಸಿಗೆ. ಒಳಗೆ ಕಾವು ಎಷ್ಟಿತ್ತೆಂದರೆ ಪಂಕ್ತಿಯಲ್ಲಿ ಕುಳಿತವರೆಲ್ಲ ಟವಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಪಕ್ಕದ ಮುದುಕಿಯೊಬ್ಬಳು, "ಇಷ್ಟ ಕಟ್ಟಿಸಿ ಸ್ಲ್ಯಾಬ್ ಯಾಕ ಬಿಟ್ಟಿಯವ್ವಾ?" ಎಂದು ಕೇಳಿದಳು. ಅಕ್ಕ ಹೋಳಿಗೆ ಬಡಿಸುತ್ತಿದ್ದವರು ನನ್ನ ಎಲೆಯ ಮುಂದೆಯೇ ನಿಂತಿದ್ದರು.

"ಆ ಹೊತ್ತಿಗೆ ಕೂಡಿ ಬರಲಿಲ್ಲ ಬಿಡಬೇ," ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದರು. ಊಟ ಮುಗಿಯುವ ತನಕ ನಾನು ತಲೆ ಎತ್ತಿ ಮೇಲೆ ನೋಡಲಿಲ್ಲ.